ಜಿಪ್ಸಮ್ ಎಲ್ಲಿ, ಸಿಮೆಂಟ್ ಎಲ್ಲಿ? ಒಳಗೋಡೆಗಳ ಗಾರೆಯನ್ನು ಗೋಡೆ ನೋಡಿ ನಿರ್ಧರಿಸುವ ಕ್ರಮ

ಮನೆ ಕಟ್ಟಿಸುವವರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಒಳಗೆಲ್ಲ ಜಿಪ್ಸಮ್ ಹಾಕಿಸಲೋ, ಸಿಮೆಂಟ್ ಗಾರೆಯೇ ಇರಲೋ? ಇಡೀ ಮನೆಗೆ ಒಂದೇ ಉತ್ತರ ಹುಡುಕಲು ಹೊರಟರೆ ಎರಡರಲ್ಲಿ ಯಾವುದನ್ನು ಆರಿಸಿದರೂ ನಷ್ಟವೇ. ಎಲ್ಲ ಕಡೆ ಜಿಪ್ಸಮ್ ಬಳಿಸಿದವರ ಬಚ್ಚಲ ಹಿಂದಿನ ಗೋಡೆ ಎರಡು ಮಳೆಗಾಲದಲ್ಲಿ ಉಬ್ಬುತ್ತದೆ. ಎಲ್ಲ ಕಡೆ ಸಿಮೆಂಟ್ ಮಾಡಿಸಿದವರು ನೀರು ಹೊಡೆದು, ಒಣಗಲು ಕಾದು, ಮೇಲೆ ಎರಡು ಕೋಟ್ ಪುಟ್ಟಿ ಎಳೆಸಿ, ಸಣ್ಣ ಸಣ್ಣ ಬಿರುಕುಗಳನ್ನು ಪೇಂಟರ್ ಕೈಲಿ ಮುಚ್ಚಿಸುತ್ತಾರೆ. ಆಯ್ಕೆಯನ್ನು ಒಂದೊಂದು ಗೋಡೆಗೂ ಬೇರೆಯಾಗಿ ಮಾಡಬೇಕು. ಪ್ರತಿ ಗೋಡೆಯ ಮುಂದೆ ನಿಂತು ಎರಡು ವಿಷಯ ಕೇಳಿಕೊಂಡರೆ ಸಾಕು: ಇದಕ್ಕೆ ನೀರು ಎಲ್ಲಿಂದ ಬರಬಹುದು, ಇದರ ಮೇಲೆ ಏನು ತೂಗಲಿದೆ?

ಇಲ್ಲಿ ಉದಾಹರಣೆಗೆ ಬೆಂಗಳೂರಿನ 30×40 ಸೈಟಿನ ಮನೆಯೊಂದರ ಮೊದಲ ಮಹಡಿಯ ಮಲಗುವ ಕೋಣೆಯನ್ನು ಇಟ್ಟುಕೊಳ್ಳೋಣ. ಅಳತೆ 10×12 ಅಡಿ, ಎತ್ತರ 10 ಅಡಿ, ಗೋಡೆ ಆರಿಂಚಿನ ಸಾಲಿಡ್ ಬ್ಲಾಕಿನದು. 10 ಅಡಿಯ ಒಂದು ಗೋಡೆಯ ಆಚೆ ಬಚ್ಚಲುಮನೆ. ಬಾಗಿಲೂ ಕಿಟಕಿಯೂ ಉಳಿದ ಗೋಡೆಗಳಲ್ಲಿವೆ.

ಎರಡೂ ವಸ್ತುಗಳ ಸ್ವಭಾವ

ಜಿಪ್ಸಮ್ ಪ್ಲಾಸ್ಟರ್ ಪುಡಿ ಎಂದರೆ ಕಾಯಿಸಿ ತನ್ನೊಳಗಿನ ನೀರಿನಲ್ಲಿ ಮುಕ್ಕಾಲು ಪಾಲನ್ನು ಕಳೆದ ಜಿಪ್ಸಮ್ ಕಲ್ಲು. ನೀರು ಬೆರೆಸಿದ ಕೂಡಲೇ ಅದು ಕಳೆದುಕೊಂಡ ನೀರನ್ನು ಮತ್ತೆ ಹೀರಿಕೊಂಡು, ಅರ್ಧ ಗಂಟೆಯ ಆಸುಪಾಸಿನಲ್ಲಿ ಮೊದಲಿನ ಹರಳಿನ ರೂಪಕ್ಕೆ ಮರಳುತ್ತದೆ. ಗಟ್ಟಿಯಾಗುವ ಕೆಲಸ ಅಲ್ಲಿಗೆ ಮುಗಿಯಿತು. ಅದಕ್ಕೇ ಇದಕ್ಕೆ ದಿನಗಟ್ಟಲೆ ನೀರು ಹೊಡೆಯುವ ಕ್ಯೂರಿಂಗ್ ಬೇಡ. ಮಿಕ್ಕಿರುವುದು ಹೆಚ್ಚುವರಿ ನೀರು ಆರುವುದಷ್ಟೇ. ಗಟ್ಟಿಯಾಗುವಾಗ ಇದು ಕುಗ್ಗುವುದೂ ಇಲ್ಲ, ಹಾಗಾಗಿ ಜೇಡರ ಬಲೆಯಂಥ ಕೂದಲೆಳೆ ಬಿರುಕುಗಳು ಬರುವುದಿಲ್ಲ.

ಆದರೆ ಜಿಪ್ಸಮ್ ನೀರಿನಲ್ಲಿ ಕೊಂಚ ಕರಗುವ ವಸ್ತು: ಲೀಟರಿಗೆ ಎರಡರಿಂದ ಎರಡೂವರೆ ಗ್ರಾಂನಷ್ಟು. ಪೂರ್ತಿ ನೆನೆದಾಗ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಮ್ಮೆ ನೆನೆದು ಬೇಗ ಒಣಗಿದರೆ ಬಹುಪಾಲು ಬಲ ಹಿಂದಿರುಗುತ್ತದೆ, ಗೋಡೆ ಉಳಿಯುತ್ತದೆ. ತಿಂಗಳುಗಟ್ಟಲೆ ಸಣ್ಣಗೆ ಒಸರುತ್ತಲೇ ಇದ್ದರೆ ಹರಳುಗಳ ಬೆಸುಗೆಯೇ ಕರಗಿ ಹೋಗುತ್ತದೆ, ಆಮೇಲೆ ಎಷ್ಟು ಒಣಗಿಸಿದರೂ ಅದು ಪುಡಿಯೇ. ಬಕೆಟ್ ನೀರು ಚೆಲ್ಲಿದ್ದಕ್ಕಿಂತ ಗೋಡೆಯೊಳಗಿನ ಪೈಪಿನ ಹನಿ ಅಪಾಯಕಾರಿ ಎನ್ನುವುದು ಈ ಕಾರಣಕ್ಕೆ. ಇನ್ನೊಂದು ಮಿತಿ ಶಾಖದ್ದು: 50 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಸದಾ ಕಾಯುವ ಜಾಗದಲ್ಲಿ ಅದು ನಿಧಾನವಾಗಿ ನೀರನ್ನು ಮತ್ತೆ ಬಿಟ್ಟುಕೊಟ್ಟು ದುರ್ಬಲವಾಗುತ್ತದೆ. ಅಡುಗೆ ಒಲೆಯ ಹಿಂದಿನ ಗೋಡೆಗೆ ಅದು ಬೇಡ.

ಸಿಮೆಂಟ್ ಗಾರೆಯ ಬಾಳು ಇದಕ್ಕೆ ತಿರುಗುಮುರುಗು. ಅದಕ್ಕೆ ಗಟ್ಟಿಯಾಗಲು ನೀರು ಬೇಕು, ಗಟ್ಟಿಯಾದ ಮೇಲೆ ನೀರು ಬಿದ್ದರೆ ಚಿಂತೆಯಿಲ್ಲ. ಕುಗ್ಗುವುದು ಅದರ ದೋಷ. ಬಿರುಕಿಗೆ ಮೇಸ್ತ್ರಿಗಳು ಸಿಮೆಂಟ್ ಕಡಿಮೆಯಾಯಿತು ಎನ್ನುತ್ತಾರೆ. ಹೆಚ್ಚಿನ ಸಲ ನಿಜ ಅದಕ್ಕೆ ವಿರುದ್ಧ: ಸಿಮೆಂಟ್ ಜಾಸ್ತಿ, ಮರಳಿನಲ್ಲಿ ಧೂಳು ಜಾಸ್ತಿ, ನೀರು ಹೊಡೆದದ್ದು ಕಡಿಮೆ. ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಕು. ಗಾರೆಗೆಂದೇ ಸಿಗುವ ನುಣುಪು ಮರಳಾದ ಪಿ-ಸ್ಯಾಂಡ್ ತರಿಸಿ. ಕಾಂಕ್ರೀಟಿಗೆ ತಂದ ಎಂ-ಸ್ಯಾಂಡನ್ನೇ ಜರಡಿ ಹಿಡಿದು ಬಳಸಿದರೆ ದಪ್ಪ ಕಾಳು ಹೋಗಿ ಧೂಳಿನ ಪಾಲು ಇನ್ನೂ ಹೆಚ್ಚುತ್ತದೆ.

ಮೊದಲ ಹೆಜ್ಜೆ: ನೀರಿನ ಗೆರೆ ಎಳೆಯಿರಿ

ಗಾರೆ ಶುರುವಾಗುವ ಮೊದಲು ಪ್ಲಾನಿನ ಜೆರಾಕ್ಸ್ ಪ್ರತಿ ಹಿಡಿದು ಮನೆಯೊಳಗೆ ಒಂದು ಸುತ್ತು ಬನ್ನಿ. ಬಚ್ಚಲುಮನೆ, ಯುಟಿಲಿಟಿ, ಅಡುಗೆಮನೆಯ ಕಟ್ಟೆಯ ಹಿಂದಿನ ಗೋಡೆ, ವಾಶ್‌ಬೇಸಿನ್ ಇರುವ ಗೋಡೆ, ಇವೆಲ್ಲ ತಕರಾರಿಲ್ಲದೆ ಸಿಮೆಂಟ್. ಬಚ್ಚಲುಮನೆಯ ತಾರಸಿಯ ಒಳಮೈಯೂ ಸಿಮೆಂಟೇ, ಆವಿ ಹೋಗಿ ಕೂರುವುದು ಅಲ್ಲೇ. ಟೈಲ್ಸ್ ಬರುವ ಯಾವ ಜಾಗಕ್ಕೂ ಜಿಪ್ಸಮ್ ಬೇಡ. ಸಿಮೆಂಟಿನ ಅಂಟು ಒದ್ದೆಯಾಗಿ ಜಿಪ್ಸಮ್ ಮೇಲೆ ಕುಳಿತರೆ ಎರಡರ ಗಡಿಯಲ್ಲಿ ಉಬ್ಬುವ ಹರಳುಗಳು ಬೆಳೆಯುತ್ತವೆ. ಟೈಲು ಒಂದು ದಿನ ಹಲಗೆಯಂತೆ ಕಳಚಿಕೊಳ್ಳುತ್ತದೆ, ಅದರ ಬೆನ್ನಿಗೆ ಬಿಳಿ ಪುಡಿ ಅಂಟಿರುತ್ತದೆ. ಇದೇ ಕಾರಣಕ್ಕೆ, ಬೇಗ ಗಟ್ಟಿಯಾಗಲಿ ಎಂದು ಜಿಪ್ಸಮ್ ಕಲಸಿಗೆ ಸಿಮೆಂಟ್ ಬೆರೆಸುವ ಅಭ್ಯಾಸ ಕಂಡರೆ ಆ ತೊಟ್ಟಿಯನ್ನು ಅಲ್ಲೇ ಚೆಲ್ಲಿಸಿ.

ಬಚ್ಚಲಿನ ಗೋಡೆಯ ಈಚೆಗಿನ ಒಣ ಮುಖದ ವಿಷಯದಲ್ಲಿ ಅಭಿಪ್ರಾಯ ಬೇರೆ ಬೇರೆ ಇದೆ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಮಾಡಿ, ನೆಲದಲ್ಲಿ ಎರಡು ದಿನ ನೀರು ಕಟ್ಟಿ ನೋಡಿ, ಪೈಪಿಗೆ ಪ್ರೆಶರ್ ಟೆಸ್ಟ್ ಮಾಡಿ ಒಂದು ದಿನ ಮಾಪಕದ ಮುಳ್ಳು ಇಳಿಯಲಿಲ್ಲವೆಂದರೆ ಈಚೆ ಜಿಪ್ಸಮ್ ಹಾಕಬಹುದು ಎನ್ನುವವರಿದ್ದಾರೆ. ತಪ್ಪೇನಿಲ್ಲ. ಆದರೂ ಶವರ್ ಮತ್ತು ಡೈವರ್ಟರ್ ಕೂರುವ ಗೋಡೆಯ ಬೆನ್ನಿಗೆ ಸಿಮೆಂಟನ್ನೇ ಇಡಿ ಎಂಬುದು ನಮ್ಮ ಸಲಹೆ. ಒಂದು ಗೋಡೆಗೆ ಉಳಿಯುವ ಹಣ ತೀರಾ ಸಣ್ಣದು. ಮುಂದೆ ಒಂದು ಜಾಯಿಂಟ್ ಸೋರಿದರೆ ಆಗುವ ಒಡೆತ ಅದಕ್ಕಿಂತ ದೊಡ್ಡದು.

ಹೊರಗೋಡೆಗಳ ಒಳಮುಖಕ್ಕೆ ಜಿಪ್ಸಮ್ ಬಳಿಯುವುದಾದರೆ ಹೊರಗಿನ ಗಾರೆ, ಕಿಟಕಿ ಸಜ್ಜೆ, ತಾರಸಿಯ ವಾಟರ್‌ಪ್ರೂಫಿಂಗ್ ಮೊದಲು ಮುಗಿದಿರಬೇಕು. ಒಂದು ಜೋರು ಮಳೆ ಬಿದ್ದು ಒಳಗೆ ಕಲೆ ಕಾಣದಿದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬೇಸಿಗೆಯಲ್ಲಿ ಕೆಲಸ ನಡೆದಿದ್ದರೆ ಕಿಟಕಿಯ ಸುತ್ತ ಹೊರಗಿನಿಂದ ಪೈಪು ಹಿಡಿದು ಅರ್ಧ ಗಂಟೆ ನೀರು ಬಿಟ್ಟು ಒಳಗೆ ನೋಡಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ, ಅದರಲ್ಲೂ ಕೆಂಪುಕಲ್ಲಿನ ಹೊರಗೋಡೆಗಳಿಗೆ, ಜಿಪ್ಸಮ್ ಆಸೆ ಬಿಡುವುದೇ ಮೇಲು. ಆ ಕಲ್ಲು ನೀರು ಕುಡಿಯುತ್ತದೆ, ಮಳೆಗಾಲವಿಡೀ ಗೋಡೆ ಆರುವುದಿಲ್ಲ. ಮೇಲಾಗಿ ಕಲ್ಲಿನ ಮೈ ಏರುಪೇರಾಗಿರುವುದರಿಂದ ಗಾರೆಯ ದಪ್ಪವೂ ಮಿತಿ ಮೀರುತ್ತದೆ. ಅಂಥ ಮನೆಯ ನಡುವಿನ ಒಣಗೋಡೆಗಳಿಗೆ ಬೇಕಾದರೆ ಹಾಕಬಹುದು.

ಕೊನೆಯದು ನೆಲದ ಅಂಚು. ಇದನ್ನು ಮರೆಯುವವರೇ ಹೆಚ್ಚು. ನೆಲಕ್ಕೆ ಟೈಲ್ಸ್ ಕೂರಿಸುವಾಗ ಹಾಕುವ ಒದ್ದೆ ಗಾರೆಗೆ ಜಿಪ್ಸಮ್ ತಾಗಿದರೆ ಅದು ಬತ್ತಿಯಂತೆ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಮನೆ ಒರೆಸುವ ನೀರು ಬೇರೆ. ಹಾಗಾಗಿ ಗೋಡೆಯ ತಳದ ಆರಿಂಚು ಪಟ್ಟಿಯನ್ನು ಸಿಮೆಂಟಿನಲ್ಲಿ ಮುಗಿಸಿ, ಜಿಪ್ಸಮ್ ಅದರ ಮೇಲಿಂದ ಶುರುವಾಗಲಿ. ನಾಲ್ಕಿಂಚಿನ ಸ್ಕರ್ಟಿಂಗ್ ಪೂರ್ತಿ ಸಿಮೆಂಟಿನ ಮೇಲೆಯೇ ಕೂರುತ್ತದೆ. ನೆಲ ಅಂತಸ್ತಿನಲ್ಲಿ ಪ್ಲಿಂತ್‌ನಿಂದ ತೇವ ಏರುವ ಗೋಡೆಗಳಿದ್ದರೆ ಆರಿಂಚಿನಿಂದ ಏನೂ ಆಗದು. ಆ ತೇವ ಮೂರಡಿಗೂ ಏರುತ್ತದೆ, ಮೊದಲು ಅದನ್ನು ನಿಲ್ಲಿಸಬೇಕು.

ಎರಡನೆಯ ಹೆಜ್ಜೆ: ಗೋಡೆ ಒಣಗಿದೆಯೇ ಎಂದು ನೋಡುವುದು

ಕೈಯಿಟ್ಟು ನೋಡಿ ಒಣಗಿದೆ ಎನ್ನುವುದು ಸಾಲದು. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚಿನಲ್ಲಿ ಗಾಳಿ ಆಡದಂತೆ ಟೇಪ್ ಹಾಕಿ ಅಂಟಿಸಿ, ಮರುದಿನ ತೆಗೆಯಿರಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಹಾಳೆಯ ಅಡಿಯ ಬ್ಲಾಕು ಸುತ್ತಲಿನದಕ್ಕಿಂತ ಕಪ್ಪಗಾಗಿದ್ದರೆ ಗೋಡೆಯಲ್ಲಿ ಇನ್ನೂ ನೀರಿದೆ. ನೆಲದಿಂದ ಒಂದಡಿ ಮೇಲೆ, ಬಚ್ಚಲಿನ ಪಕ್ಕ, ಕಿಟಕಿಯ ಕೆಳಗೆ, ಹೀಗೆ ಅನುಮಾನದ ಜಾಗಗಳಲ್ಲೇ ಅಂಟಿಸಬೇಕು.

ಎರಡು ಸೂಜಿಯ ತೇವಮಾಪಕ ಇದ್ದರೆ ಬಳಸಿ, ಆದರೆ ಅದರ ಅಂಕಿಯನ್ನು ಹಾಗೇ ನಂಬಬೇಡಿ. ಅಗ್ಗದ ಮಾಪಕಗಳನ್ನು ಮರಕ್ಕೆ ಹೊಂದಿಸಿರುತ್ತಾರೆ, ಗೋಡೆಯಲ್ಲಿ ಅದು ತೋರಿಸುವ ಶೇಕಡಾ ಲೆಕ್ಕ ನಿಜವಲ್ಲ. ಒಣಗಿದೆ ಎಂದು ಖಾತ್ರಿಯಿರುವ ನಡುಗೋಡೆಯಲ್ಲಿ ಒಮ್ಮೆ ಒತ್ತಿ ನೋಡಿ, ಅನುಮಾನದ ಗೋಡೆಯ ಅಂಕಿಯನ್ನು ಅದಕ್ಕೆ ಹೋಲಿಸುವುದೇ ಸರಿಯಾದ ಬಳಕೆ. ಹೊಸ ಕಾಂಕ್ರೀಟ್ ತಾರಸಿ, ಕಂಬ, ತೊಲೆಗಳಿಗೆ 28 ದಿನ ತುಂಬಿ, ಕ್ಯೂರಿಂಗ್ ನೀರು ಆರಿದ ಮೇಲಷ್ಟೇ ಜಿಪ್ಸಮ್.

ಮೂರನೆಯ ಹೆಜ್ಜೆ: ಲೆಕ್ಕ

ನಮ್ಮ ಕೋಣೆಯ ನಾಲ್ಕು ಗೋಡೆಯ ಸುತ್ತಳತೆ 44 ಅಡಿ, ಎತ್ತರ 10 ಅಡಿ, ಒಟ್ಟು 440 ಚದರಡಿ. 3×7 ಬಾಗಿಲು, 4×4 ಕಿಟಕಿ ಕಳೆದರೆ 403. ಬಚ್ಚಲಿನ ಪಕ್ಕದ 100 ಚದರಡಿ ಸಿಮೆಂಟಿಗೆ. ಉಳಿದ ಮೂರು ಗೋಡೆಗಳ ತಳದ ಆರಿಂಚು ಪಟ್ಟಿ ಸುಮಾರು 15 ಚದರಡಿ, ಅದೂ ಸಿಮೆಂಟಿಗೆ. ಜಿಪ್ಸಮ್‌ಗೆ ಉಳಿಯುವುದು 288 ಚದರಡಿ.

25 ಕೆ.ಜಿ.ಯ ಒಂದು ಚೀಲ 13 ಮಿ.ಮೀ. ಸರಾಸರಿ ದಪ್ಪಕ್ಕೆ ಸುಮಾರು 21 ಚದರಡಿ ಬರುತ್ತದೆ. ಅಂದರೆ 14 ಚೀಲ, ಪೋಲು ಸೇರಿ 15. ಈಗ ಬ್ಲಾಕ್ ಕೆಲಸ ಒರಟಾಗಿ, ಗೋಡೆ ನೆಟ್ಟಗಿಲ್ಲದೆ, ಸರಾಸರಿ ದಪ್ಪ 20 ಮಿ.ಮೀ.ಗೆ ಹೋಯಿತೆನ್ನಿ: 21 ಚೀಲ ಪೋಲಿಲ್ಲದೆಯೇ ಬೇಕು. ಜಿಪ್ಸಮ್ ದುಬಾರಿಯೋ ಅಗ್ಗವೋ ಎಂಬುದು ಗೋಡೆ ಕಟ್ಟಿದವನ ಕೈಯಲ್ಲಿದೆ ಎನ್ನುವುದು ಇದಕ್ಕೇ. ಚದರಡಿ ದರ ಮಾತಾಡುವಾಗ ಎಷ್ಟು ದಪ್ಪದವರೆಗೆ ಆ ದರ ಎಂದು ಕೇಳಿ ಬರೆಸಿಕೊಳ್ಳಿ. ಒಂದೇ ಜಾಗದಲ್ಲಿ 25 ಮಿ.ಮೀ. ದಾಟುವ ಕಡೆ ಗ್ಯಾಲ್ವನೈಸ್ಡ್ ಜಾಲರಿ ಹೊಡೆಯದೆ ಬಳಿದರೆ ತನ್ನ ಭಾರಕ್ಕೇ ಜಾರುತ್ತದೆ.

ಸಿಮೆಂಟಿನ 115 ಚದರಡಿಗೆ 15 ಮಿ.ಮೀ. ದಪ್ಪ, ಒಂದಕ್ಕೆ ಆರರ ಲೆಕ್ಕದಲ್ಲಿ ಒಂದು ಚೀಲ ಸಿಮೆಂಟ್, ಏಳೂವರೆ ಘನ ಅಡಿ ಪಿ-ಸ್ಯಾಂಡ್ ಸರಿಹೋಗುತ್ತದೆ. ದರ ಹೋಲಿಸುವಾಗ ಈ ಕಡೆಗೆ ಪುಟ್ಟಿಯ ಎರಡು ಕೋಟನ್ನೂ ಏಳು ದಿನ ನೀರು ಹೊಡೆಯುವ ಆಳಿನ ಕೂಲಿಯನ್ನೂ ಸೇರಿಸಿ. ಜಿಪ್ಸಮ್‌ಗೆ ಎರಡೂ ಇಲ್ಲ, ನೇರ ಪ್ರೈಮರ್. ಫಾಲ್ಸ್ ಸೀಲಿಂಗ್ ಬರುವ ಕೋಣೆಯಾದರೆ ಅದರ ಮಟ್ಟಕ್ಕಿಂತ ಅರ್ಧ ಅಡಿ ಮೇಲೆ ಗಾರೆ ನಿಲ್ಲಿಸಬಹುದು. ಗುತ್ತಿಗೆದಾರ ತಾನಾಗಿ ಈ ಮಾತು ಎತ್ತುವುದಿಲ್ಲ.

ನಾಲ್ಕನೆಯ ಹೆಜ್ಜೆ: ಕೆಲಸದ ಸರದಿ

ಸಿಮೆಂಟಿನದು ಮೊದಲು, ಜಿಪ್ಸಮ್‌ನದು ಆಮೇಲೆ. ಬಚ್ಚಲ ಗೋಡೆ, ತಳದ ಪಟ್ಟಿ, ವೈರಿಂಗ್ ಪೈಪಿನ ಕಟಿಂಗ್ ಎಲ್ಲ ಸಿಮೆಂಟಿನಲ್ಲಿ ಮುಗಿದು, ಏಳು ದಿನ ಕ್ಯೂರಿಂಗ್ ಆಗಿ, ಎರಡು ವಾರವಾದರೂ ಆರಲಿ. ಕಟಿಂಗ್ ಮುಚ್ಚಿದ ಮೇಲೆ ಹಾಗೂ ಕಂಬ, ತೊಲೆಗೆ ಬ್ಲಾಕು ಸೇರುವ ಗೆರೆಯ ಮೇಲೆ ಗ್ಯಾಲ್ವನೈಸ್ಡ್ ಚಿಕನ್ ಮೆಶ್ ಹೊಡೆಯಬೇಕು. ಸಾದಾ ಕಬ್ಬಿಣದ ಜಾಲರಿ ಸಿಮೆಂಟಿನ ಕ್ಷಾರದಲ್ಲಿ ತುಕ್ಕು ಹಿಡಿಯದೆ ಉಳಿಯಬಹುದು. ಜಿಪ್ಸಮ್‌ನಲ್ಲಿ ಆ ಕ್ಷಾರದ ರಕ್ಷಣೆ ಇಲ್ಲ, ತೇವ ತಾಗಿದ ಕೂಡಲೇ ಕಂದು ಗೆರೆ ಬಣ್ಣದ ಮೇಲೆ ಮೂಡುತ್ತದೆ.

ಎರಡು ಗಾರೆಗಳು ಸಂಧಿಸುವ ಜಾಗ ಗೋಡೆಯ ಒಳಮೂಲೆಯಲ್ಲಿರಲಿ. ಬಯಲು ಗೋಡೆಯ ನಡುವೆ ಸೇರಿಸಿ ಪುಟ್ಟಿ ಎಳೆದರೆ ಆ ಗೆರೆ ಒಂದು ವರ್ಷದಲ್ಲಿ ಬಾಯಿಬಿಡುತ್ತದೆ. ತಳದ ಪಟ್ಟಿಯ ಗೆರೆಯನ್ನು ಸ್ಕರ್ಟಿಂಗಿನ ಮೇಲಂಚಿಗೆ ಹತ್ತಿರವೇ ತಂದು, ಅಲ್ಲಿ ಕರಣೆಯ ತುದಿಯಿಂದ ಸಣ್ಣ ತೋಡು ಎಳೆದುಬಿಡುವುದು ಪ್ರಾಮಾಣಿಕ ದಾರಿ.

ನುಣುಪಾದ ಕಾಂಕ್ರೀಟಿಗೆ ಜಿಪ್ಸಮ್ ಹಿಡಿಯುವುದಿಲ್ಲ. ಬಾಂಡಿಂಗ್ ಏಜೆಂಟ್ ಬಳಿದು, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಆರಿಸಿ, ಧೂಳು ಕೂರುವ ಮೊದಲು ಗಾರೆ ಏರಿಸಬೇಕು. ಶಟರಿಂಗ್ ಎಣ್ಣೆ ಉಳಿದಿದ್ದರೆ ಬಾಂಡಿಂಗ್ ಏಜೆಂಟೂ ಕೈಕೊಡುತ್ತದೆ, ತೊಳೆಸಿ. ಬಿಸಿಲಿಗೆ ಒಣಗಿ ನಿಂತ ಬ್ಲಾಕು ಗೋಡೆಗೆ ನೀರನ್ನು ಹಗುರಾಗಿ ಚಿಮುಕಿಸಿದರೆ ಸಾಕು. ಸಿಮೆಂಟ್ ಗಾರೆಗೆ ಮಾಡುವಂತೆ ತೊಯ್ಯಿಸಬೇಡಿ.

ಗಾರೆಯ ದಪ್ಪ ತೋರಿಸುವ ಗುರುತುಗಳಾದ ಬುಲ್ ಮಾರ್ಕ್ ಕೊಟ್ಟು ಮಟ್ಟ ಹಿಡಿದ ಮೇಲೆ ಕಲಸುವುದು. ತೊಟ್ಟಿಗೆ ಮೊದಲು ನೀರು, ಆಮೇಲೆ ಪುಡಿ. ಚೀಲಕ್ಕೆ ಸುಮಾರು 16 ಲೀಟರ್, ಚೀಲದ ಮೇಲೆ ಬೇರೆ ಅಂಕಿ ಇದ್ದರೆ ಅದೇ. ಕುಡಿಯುವಂಥ ಶುದ್ಧ ನೀರು, ತೊಳೆದ ತೊಟ್ಟಿ. ಹಿಂದಿನ ಕಲಸಿನ ಗಟ್ಟಿ ಚೂರು ತೊಟ್ಟಿಯಲ್ಲಿದ್ದರೆ ಹೊಸ ಕಲಸು ಕೈಗೆ ಸಿಗದ ವೇಗದಲ್ಲಿ ಬಿಗಿಯುತ್ತದೆ. ಬಿಗಿಯಲು ಶುರುವಾದದ್ದಕ್ಕೆ ಮತ್ತೆ ನೀರು ಹೊಯ್ದು ಕಲಸಿದರೆ ಅದು ಸತ್ತ ಗಾರೆ. ಗೋಡೆಗೆ ಅಂಟುತ್ತದೆ, ಒಣಗುತ್ತದೆ, ಗಟ್ಟಿಯಾಗುವುದಿಲ್ಲ. ಆ ಜಾಗವನ್ನು ಆಮೇಲೆ ಉಗುರಿನಿಂದ ಗೀರಿದರೆ ಸೀಮೆಸುಣ್ಣದಂತೆ ಪುಡಿ ಉದುರುತ್ತದೆ. ಹಳೆಯ ಚೀಲದ ಪುಡಿಯೂ ಹೀಗೆ ಕಾಡುತ್ತದೆ, ತಯಾರಾದ ತಿಂಗಳು ನೋಡಿ ಇಳಿಸಿಕೊಳ್ಳಿ. ಚೀಲಗಳನ್ನು ನೆಲದ ಮೇಲೆ ನೇರವಾಗಿ ಒಟ್ಟಬೇಡಿ.

ಮುಗಿದ ಮೇಲೆ ಕಿಟಕಿ ತೆರೆದಿಡಿ. ಅಭ್ಯಾಸಬಲದಿಂದ ಯಾರೋ ಪೈಪು ಹಿಡಿದು ನೀರು ಹೊಡೆಯಲು ಬರುತ್ತಾರೆ, ಕೆಲಸದವರಿಗೆಲ್ಲ ಮೊದಲೇ ಹೇಳಿರಿ. ಬಣ್ಣ ಒಂದೇ ಸಮನಾಗಿ ತಿಳಿಯಾಗುವವರೆಗೆ ಪ್ರೈಮರ್ ಬೇಡ. ಒಣಹವೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಎರಡು ಮೂರು ವಾರವೂ ಹಿಡಿಯಬಹುದು. ಆಮೇಲೆ ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಜಾಗಕ್ಕೆ ಪೆನ್ಸಿಲ್ ಸುತ್ತು ಹಾಕಿ, ಬಣ್ಣಕ್ಕೆ ಮುಂಚೆ ಒಡೆಸಿ ಮತ್ತೆ ಹಾಕಿಸಿ.

ಐದನೆಯ ಹೆಜ್ಜೆ: ತೂಗುಹಾಕುವ ಕೆಲಸ

ಜಿಪ್ಸಮ್ ಗೋಡೆಗೆ ಮೊಳೆ ನಿಲ್ಲುವುದಿಲ್ಲ ಎಂಬ ದೂರು ಅರ್ಧ ನಿಜ. 13 ಮಿ.ಮೀ. ಗಾರೆ, ಅದು ಸಿಮೆಂಟಿನದೇ ಆದರೂ, ಭಾರ ಹೊರುವ ಭಾಗವಲ್ಲ. ಸಿಮೆಂಟ್ ಗಟ್ಟಿಯಿರುವುದರಿಂದ ತಪ್ಪು ಮುಚ್ಚಿಹೋಗುತ್ತದೆ, ಜಿಪ್ಸಮ್ ತೋರಿಸಿಕೊಡುತ್ತದೆ, ಅಷ್ಟೇ. ಹೊರಬೇಕಾದದ್ದು ಹಿಂದಿನ ಬ್ಲಾಕು. ಸ್ಕ್ರೂ ಉದ್ದ ಲೆಕ್ಕ ಹಾಕುವಾಗ ಗಾರೆಯ ದಪ್ಪವನ್ನು ಶೂನ್ಯ ಬಲ ಎಂದೇ ಹಿಡಿಯಿರಿ.

55 ಇಂಚಿನ ಟಿ.ವಿ.ಯ ಗೋಡೆ ಬ್ರ್ಯಾಕೆಟ್ ಇದೆಯೆನ್ನಿ. ಬ್ರ್ಯಾಕೆಟ್ ತಗಡು 3 ಮಿ.ಮೀ., ಗಾರೆ 13, ಬ್ಲಾಕಿನೊಳಗೆ ಪ್ಲಗ್ ಕನಿಷ್ಠ 60, ಒಟ್ಟು 76. ಹಾಗಾಗಿ 75ರ ಸ್ಕ್ರೂ ಅಂಚಿನಲ್ಲಿದೆ, 80ರದು ತೆಗೆದುಕೊಳ್ಳಿ. ಡಬ್ಬದ ಜೊತೆ ಬರುವ 50ರ ಸ್ಕ್ರೂ ಬ್ಲಾಕಿನಲ್ಲಿ ಹಿಡಿಯುವುದು 34 ಮಿ.ಮೀ. ಮಾತ್ರ, ಅದರಲ್ಲಿ ಪ್ಲಗ್‌ನ ಬಾಯಿ ಗಾರೆಯಲ್ಲೇ ಉಳಿದಿರುತ್ತದೆ. ಪ್ಲಗ್ ಪೂರ್ತಿ ಒಳಗೆ ಹೋಗಿ ಬ್ಲಾಕಿನಲ್ಲಿ ಕೂರಬೇಕು. ಗಾರೆಯಲ್ಲಿ ಅರಳಿದ ಪ್ಲಗ್ ಸುತ್ತಲಿನ ಜಿಪ್ಸಮನ್ನು ತಟ್ಟೆಯಾಕಾರದಲ್ಲಿ ಎಬ್ಬಿಸುತ್ತದೆ. ಮುಂದಕ್ಕೆ ಚಾಚುವ ತೋಳಿನ ಬ್ರ್ಯಾಕೆಟ್ ಆದರೆ ಭಾರ ಸನ್ನೆಯಂತೆ ಕೆಲಸ ಮಾಡಿ ಮೇಲಿನ ಸ್ಕ್ರೂ ಎಳೆಯುತ್ತದೆ, ಕೆಳಗಿನ ಅಂಚು ಗಾರೆಯನ್ನು ಒತ್ತಿ ತಗ್ಗು ಮಾಡುತ್ತದೆ. ಅಂಥದ್ದು ಬರುವುದು ಮೊದಲೇ ಗೊತ್ತಿದ್ದರೆ ಆ ಗೋಡೆಯನ್ನೇ ಸಿಮೆಂಟಿಗೆ ಸೇರಿಸಿ. ಅಡುಗೆಮನೆಯ ಮೇಲಿನ ಕಪಾಟುಗಳ ಗೋಡೆಗೂ ಇದೇ ಮಾತು.

ತೂತು ಕೊರೆಯುವಾಗ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗಾರೆ ದಾಟುವವರೆಗೆ ಹ್ಯಾಮರ್ ಮೋಡ್ ಆಫ್. ಬಿಳಿ ಪುಡಿ ನಿಂತು ಬೂದು ಪುಡಿ ಬರತೊಡಗಿದರೆ ಬ್ಲಾಕು ಸಿಕ್ಕಿತು, ಈಗ ಹ್ಯಾಮರ್ ಹಾಕಿ. ಗಾಳಿಗುಳ್ಳೆಗಳಿಂದ ಹಗುರಾದ ಎಎಸಿ ಬ್ಲಾಕಿನಲ್ಲೂ ತೂತುಗಳಿರುವ ಮಣ್ಣಿನ ಬ್ಲಾಕಿನಲ್ಲೂ ಹ್ಯಾಮರ್ ಕೊನೆಯವರೆಗೂ ಬೇಡ. ಅರಳುವ ಕಬ್ಬಿಣದ ಆಂಕರ್ ಬೋಲ್ಟ್ ಇವನ್ನು ಒಳಗೇ ಒಡೆಯುತ್ತದೆ. ಎಎಸಿಗೆ ಅದಕ್ಕೆಂದೇ ಬರುವ ನೈಲಾನ್ ಪ್ಲಗ್, ಭಾರ ಹೆಚ್ಚಿದ್ದರೆ ಕೆಮಿಕಲ್ ಆಂಕರ್. ತೂತಿನ ಬ್ಲಾಕಿಗೆ ಕೆಮಿಕಲ್ ಆಂಕರನ್ನು ಜಾಲರಿ ಕೊಳವೆಯೊಡನೆ ಹಾಕಬೇಕು, ಇಲ್ಲದಿದ್ದರೆ ಅಂಟೆಲ್ಲ ಪೊಳ್ಳಿನೊಳಗೆ ಇಳಿದುಹೋಗುತ್ತದೆ.

ಸ್ವಿಚ್ ಡಬ್ಬಗಳನ್ನು ಗಾರೆಗೆ ಮೊದಲೇ ಸಿಮೆಂಟಿನಲ್ಲಿ ಬ್ಲಾಕಿಗೆ ಕೂರಿಸಿ, ಬಾಯಿ ಬುಲ್ ಮಾರ್ಕ್ ಮಟ್ಟಕ್ಕೆ ಬರುವಂತೆ. ಗಾರೆಯಾದ ಮೇಲೆ ಎಲೆಕ್ಟ್ರಿಶಿಯನ್ ಒಂದು ಹಿಡಿ ಪಿಒಪಿಯಲ್ಲಿ ಡಬ್ಬ ಕೂರಿಸಿ ಹೋಗುವುದುಂಟು. ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ದಿನಾ ಎಳೆಯುವ ಸಾಕೆಟ್ ಆದರೆ ಅದು ಪ್ಲೇಟಿನ ಸಮೇತ ಕೈಗೆ ಬರುತ್ತದೆ.

ಫೋಟೋ, ಗಡಿಯಾರ, ಕ್ಯಾಲೆಂಡರಿಗೆ 6 ಮಿ.ಮೀ. ತೂತು, ಪ್ಲಗ್, 40ರ ಸ್ಕ್ರೂ ಸಾಕು. ಸುತ್ತಿಗೆಯಿಂದ ಮೊಳೆ ಹೊಡೆದರೆ ತುದಿ ಬ್ಲಾಕಿಗೆ ತಾಗಿ ಪುಟಿಯುತ್ತದೆ, ಗಾರೆ ಬಿಲ್ಲೆಯಾಗಿ ಏಳುತ್ತದೆ. ಗೀಸರ್ ಹೇಗೂ ಬಚ್ಚಲಿನ ಸಿಮೆಂಟ್ ಗೋಡೆಯಲ್ಲಿರುತ್ತದೆ. 25 ಲೀಟರಿನದಾದರೆ ನೀರೇ 25 ಕೆ.ಜಿ., ಜೊತೆಗೆ ಟ್ಯಾಂಕಿನ ತೂಕ. ಸಾಲಿಡ್ ಬ್ಲಾಕಿಗೆ 10 ಮಿ.ಮೀ. ಆಂಕರ್ ಹಾಕಿ, ಬ್ಲಾಕುಗಳ ಸಂದಿಗೆ ಬೀಳದಂತೆ ನೋಡಿಕೊಳ್ಳಿ.

ಹಳೆಯ ತೂತು ಮುಚ್ಚುವಾಗ ಜಿಪ್ಸಮ್ ಗೋಡೆಗೆ ಜಿಪ್ಸಮ್ಮೇ ಬೇಕು, ಅಂಚಿಗೆ ಸ್ವಲ್ಪ ನೀರು ಮುಟ್ಟಿಸಿ ತುಂಬಿ. ವರ್ಷಗಳ ನಂತರ ಎಲ್ಲಾದರೂ ಬಣ್ಣ ಗುಳ್ಳೆ ಎದ್ದು, ಹೆಬ್ಬೆರಳಿನ ಉಗುರು ಗೋಡೆಯೊಳಗೆ ಇಳಿಯುವಷ್ಟು ಮೆತ್ತಗಾಗಿದ್ದರೆ ಪೇಂಟರನ್ನು ಕರೆಯಬೇಡಿ, ಪ್ಲಂಬರನ್ನು ಕರೆಯಿರಿ. ಸೋರಿಕೆ ನಿಂತು, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಲ್ಲಿ ಬ್ಲಾಕು ಒಣಗಿದ್ದು ಖಾತ್ರಿಯಾದ ಮೇಲೆ, ಮೆತ್ತಗಾದ ಜಾಗವನ್ನು ಗಟ್ಟಿ ಸಿಗುವವರೆಗೆ ಕೆರೆದು ತೆಗೆದು ಹೊಸದಾಗಿ ತುಂಬಿಸಿ. ಅದೇ ಜಾಗ ಎರಡನೆಯ ಸಲ ನೆನೆದರೆ ಆ ಗೋಡೆಯ ಜಿಪ್ಸಮ್ ಪೂರ್ತಿ ಕಿತ್ತು ಸಿಮೆಂಟ್ ಹಾಕಿಸಿ.